ಅತ್ತಿಗೆ ಬರೆದ ಸಂಧಿ ಸಮಾಸದ ಹಾಳೆಗಳು

ನಮ್ಮ ಅತ್ತಿಗೆಗೆ ದೇವರು ರೂಪ ಕೊಡುವಾಗ ಸ್ವಲ್ಪ ಕೈ ಹಿಡಿದ, ಧ್ವನಿ ಕೊಡುವಾಗ ಮಾತ್ರ ಕೊಡವನ್ನೇ ಮಗುಚಿದ. ಶಾಲೆಯ ಮೇಲಿನ ಮಹಡಿಯಲ್ಲಿ ಅವರು ಹತ್ತನೆಯ ತರಗತಿಗೆ ಕನ್ನಡ ಹೇಳುತ್ತಿದ್ದರೆ, ರಸ್ತೆಯ ಈಚೆಗಿರುವ ನನ್ನ ಟೈಪಿಂಗ್ ಅಂಗಡಿಯಲ್ಲಿ ಕೂತ ನನಗೂ ಪಾಠ ಆಗುತ್ತಿತ್ತು. ಜೆರಾಕ್ಸ್ ಮಾಡಿಸಲು ಬಂದವರು, "ಯಾರ್ರೀ ಅದು, ಜಗಳ ಆಡ್ತಿರೋದು?" ಎಂದು ಕೇಳುತ್ತಿದ್ದರು. "ಜಗಳ ಅಲ್ಲ, ಲೋಪಸಂಧಿ," ಎನ್ನುತ್ತಿದ್ದೆ ನಾನು.

ವ್ಯಾಕರಣವೆಂದರೆ ಮಕ್ಕಳಿಗೆ ಮೊದಲೇ ಆಗದು. ಸಂಧಿ ಎಂದ ಕೂಡಲೇ ಮುಖ ಸೊಟ್ಟಗಾಗುತ್ತದೆ, ಸಮಾಸ ಎಂದರೆ ನಿದ್ದೆ ಬರುತ್ತದೆ. ಅತ್ತಿಗೆಯ ತರಗತಿಯಲ್ಲಿ ನಿದ್ದೆ ಮಾಡುವುದಕ್ಕೆ ಧೈರ್ಯ ಬೇಕಿತ್ತು. ದ್ವಂದ್ವ ಸಮಾಸಕ್ಕೆ ಇಬ್ಬರನ್ನು ಎಬ್ಬಿಸಿ ಅಕ್ಕಪಕ್ಕ ನಿಲ್ಲಿಸಿ, "ನೋಡ್ರೋ, ಇಲ್ಲಿ ಇಬ್ಬರೂ ಮುಖ್ಯ, ಯಾರೂ ಹೆಚ್ಚಲ್ಲ, ಯಾರೂ ಕಮ್ಮಿಯಲ್ಲ, ಕೆರೆಯೂ ಕಟ್ಟೆಯೂ ಸೇರಿ ಕೆರೆಕಟ್ಟೆಗಳು," ಎನ್ನುತ್ತಿದ್ದರು. ಬಹುವ್ರೀಹಿ ಬಂದಾಗ ಇನ್ನೂ ಜೋರು. ಇಬ್ಬರನ್ನು ನಿಲ್ಲಿಸಿಯೇ ಮೂರನೆಯವನನ್ನು ಬಾಗಿಲಾಚೆ ಕಳಿಸಿ, "ಇಲ್ಲಿ ನಿಂತಿರೋ ಇಬ್ಬರೂ ಮುಖ್ಯ ಅಲ್ಲ. ಅರ್ಥ ಬಾಗಿಲಾಚೆ ನಿಂತಿದೆ. ಎಲ್ಲರೂ ಬಾಗಿಲ ಕಡೆ ನೋಡಿ!" ಎನ್ನುತ್ತಿದ್ದರು. ಅಷ್ಟೂ ತಲೆಗಳು ಒಟ್ಟಿಗೆ ಬಾಗಿಲ ಕಡೆ ತಿರುಗುತ್ತಿದ್ದವು. ಹೊರಗೆ ನಿಂತವನು ನಾಚಿಕೊಂಡು ಹಲ್ಲು ಬಿಡುತ್ತಿದ್ದ. ಆಮೇಲೆ ಆ ಮಕ್ಕಳು ಸಾಯುವ ತನಕ ಬಹುವ್ರೀಹಿ ಮರೆಯುತ್ತಿರಲಿಲ್ಲ.

ಇಷ್ಟೆಲ್ಲ ಇದ್ದೂ ಅವರ ಕೆಲಸ ಖಾಯಂ ಆಗಿರಲಿಲ್ಲ. ಪ್ರತಿ ವರ್ಷ ರಜೆ ಬಂದಾಗ ಬಿಡಿಸುವುದು, ಶಾಲೆ ತೆರೆದಾಗ ಮತ್ತೆ ಬನ್ನಿ ಎನ್ನುವುದು. ಅತ್ತಿಗೆ ಇದನ್ನು ಒಂದು ಸಲವೂ ದೂರಿದವರಲ್ಲ. ದೂರುತ್ತಿದ್ದವಳು ನಾನು. ಆ ವರ್ಷ ಮಾತ್ರ ಹೆಡ್ ಮಿಸ್ ತಾವಾಗಿಯೇ ಕರೆದು, ಮುಂದಿನ ವರ್ಷದಿಂದ ಶಾಲೆಯ ಕಮಿಟಿಯವರು ಕನ್ನಡಕ್ಕೆ ಒಂದು ಖಾಯಂ ಜಾಗ ಮಾಡುತ್ತಿದ್ದಾರೆ, ಅದು ನಿಮಗೇ ಎಂದು ಹೇಳಿದ್ದರು. ಆ ಸಂಜೆ ಅತ್ತಿಗೆ ಮನೆಗೆ ಬಂದವರು ಚೀಲ ಕೆಳಗಿಡದೆ ಅಡುಗೆಮನೆಯಲ್ಲೇ ನಿಂತು, "ಕೇಳಿದ್ಯೇನೇ, ಇನ್ನು ಮೇಲೆ ನನ್ನನ್ನ ಯಾರೂ ಆ ತರಗತಿಯಿಂದ ಎಬ್ಬಿಸೋ ಹಾಗಿಲ್ಲ," ಎಂದರು. ಅವರಿಗೆ ಬೇಕಿದ್ದದ್ದು ಅದೊಂದೇ. ಹುದ್ದೆಯೂ ಅಲ್ಲ, ಮರ್ಯಾದೆಯೂ ಅಲ್ಲ, ಆ ಕಪ್ಪುಹಲಗೆಯ ಮುಂದೆ ನಿಲ್ಲುವ ಜಾಗ.

ಆ ವರ್ಷವೇ ಗಂಟಲು ಕೈ ಕೊಟ್ಟಿತು.

ಮೊದಲು ಸಂಜೆ ಹೊತ್ತಿಗೆ ಧ್ವನಿ ಒಡೆಯುತ್ತಿತ್ತು. ಆಮೇಲೆ ಮಧ್ಯಾಹ್ನಕ್ಕೇ. ಬಿಸಿನೀರು ಕುಡಿದರು, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದರು, ಯಾರು ಯಾರು ಏನೇನು ಹೇಳಿದರೋ ಅದನ್ನೆಲ್ಲ ಮಾಡಿದರು. ಒಂದು ದಿನ ಹಾಜರಿ ಕರೆಯುವಾಗಲೇ ಧ್ವನಿ ನಿಂತುಹೋಯಿತು. ಗಂಟಲಿನ ಡಾಕ್ಟರು ಕೊಳವೆ ಇಳಿಸಿ ನೋಡಿ, ಧ್ವನಿ ಹೊರಡಿಸುವ ಪಟ್ಟಿಗಳ ಮೇಲೆ ಗಂಟು ಎದ್ದಿದೆ, ಕಿರುಚಿ ಕಿರುಚಿ ಪಾಠ ಹೇಳುವವರಿಗೆ ಬರುವಂಥದ್ದೇ, ಒಂದು ಸಣ್ಣ ಆಪರೇಶನ್ ಆಗಬೇಕು ಎಂದರು. ಅದಕ್ಕಿಂತ ದೊಡ್ಡದು ಆಮೇಲಿನದು. ವಾರಗಟ್ಟಲೆ ಮಾತೇ ಆಡಕೂಡದು. ಪಿಸುಮಾತು ಕೂಡ ಬೇಡ, ಪಿಸುಮಾತು ಗಂಟಲಿಗೆ ಇನ್ನೂ ಕೆಟ್ಟದ್ದು. ಆಮೇಲೂ ಶಾಲೆಯ ಆ ಅವಧಿ ಪೂರ್ತಿ ತರಗತಿಗೆ ಹೋಗಕೂಡದು.

ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಲ್ಲದಕ್ಕೂ ನಗೆಮಾತು ಹುಡುಕುವ ಪ್ರಾಣಿ. "ಸದ್ಯ, ನನ್ನ ಮನೇಲಿ ನನ್ನ ಧ್ವನಿ ನನಗೇ ಕೇಳಿಸುತ್ತೆ ಇನ್ನು," ಎಂದ. ಯಾರೂ ನಗಲಿಲ್ಲ. ಅವರ ಮಗಳು ಗುಬ್ಬಿ ಅದೇ ಶಾಲೆಯಲ್ಲಿ ಅದೇ ಹತ್ತನೆಯ ತರಗತಿಯಲ್ಲಿದ್ದಳು. ಅವಳು ತನ್ನ ಹಳೆಯ ಸ್ಲೇಟು ಹುಡುಕಿ ಅಮ್ಮನ ಮಡಿಲಲ್ಲಿಟ್ಟಳು. ಅತ್ತಿಗೆ ಅದರ ಮೇಲೆ ಮೊದಲು ಬರೆದದ್ದು, "ಬೇರೊಬ್ಬರನ್ನು ತರುತ್ತಾರೆ" ಎಂದು.

ನನಗೆ ಅರ್ಥವಾಯಿತು. ಅವರ ಹೆದರಿಕೆ ಗಂಟಲಿನದಲ್ಲ. ಅವರು ರಜೆಯಲ್ಲಿದ್ದಾಗ ಇನ್ನೊಬ್ಬ ಟೀಚರು ಬಂದು ಆ ಕುರ್ಚಿಯಲ್ಲಿ ಕೂತರೆ, ಚೆನ್ನಾಗಿ ಪಾಠ ಹೇಳಿಬಿಟ್ಟರೆ, ಖಾಯಂ ಜಾಗ ಆ ಕುರ್ಚಿಯ ಜೊತೆಗೇ ಹೋಗುತ್ತದೆ. ಅದು ಸುಳ್ಳು ಹೆದರಿಕೆಯೂ ಅಲ್ಲ, ಎಷ್ಟೋ ಕಡೆ ಹಾಗೇ ಆಗಿದೆ.

ಮರುದಿನ ಅತ್ತಿಗೆ ನನ್ನನ್ನು ಜೊತೆಗೆ ಕರೆದುಕೊಂಡು ಹೆಡ್ ಮಿಸ್ ಕೋಣೆಗೆ ಹೋದರು. ಮಾತಾಡುವ ಬಾಯಿ ನನ್ನದು, ಮಾತು ಅವರದು. ಬೇರೆ ಟೀಚರು ಬೇಡ, ಪಾಠ ಗದ್ಯ ಪದ್ಯ ಎಲ್ಲ ಹೆಚ್ಚುಕಮ್ಮಿ ಮುಗಿದಿದೆ, ಉಳಿದದ್ದು ವ್ಯಾಕರಣ. ಅದಕ್ಕೆ ಪ್ರತಿ ಪೀರಿಯಡ್ಡಿಗೂ ಒಂದು ಅಭ್ಯಾಸದ ಹಾಳೆ ಮಾಡಿ ಕಳಿಸುತ್ತೇನೆ. ವಿವರಣೆ ಅದರಲ್ಲೇ ಇರುತ್ತದೆ. ಗಲಾಟೆಯಾಗದಂತೆ ಯಾರಾದರೂ ಒಬ್ಬರು ಕೂತರೆ ಸಾಕು.

ಹೆಡ್ ಮಿಸ್ ಒಳ್ಳೆಯ ಹೆಂಗಸು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನ್ನ ಬಾಯಿಂದ ಏನೇನು ಬರುತ್ತದೋ. ಅವರು ಕನ್ನಡಕ ತೆಗೆದು, "ಇಂಥ ಸ್ಥಿತೀಲೂ ಮಕ್ಕಳ ಬಗ್ಗೆ ಯೋಚಿಸ್ತೀರಲ್ಲ ಮಿಸ್," ಎಂದರು. ಆ ಪೀರಿಯಡ್ಡುಗಳನ್ನು ಪೀಟಿ ಮೇಷ್ಟ್ರಿಗೆ ಹಾಕಿಕೊಟ್ಟರು. ಮಕ್ಕಳು ಅವರನ್ನು ಸೀಟಿ ಮೇಷ್ಟ್ರು ಎನ್ನುತ್ತಾರೆ, ಕೊರಳಲ್ಲಿ ಸೀಟಿ ಯಾವಾಗಲೂ ಇರುತ್ತದೆ.

ಆಪರೇಶನ್ ಮುಗಿದು ಮನೆಗೆ ಬಂದ ಮೇಲೆ ಅತ್ತಿಗೆ ಕೂತರು ನೋಡಿ. ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಬೆಳಿಗ್ಗೆಯಿಂದ ಬರೆಯುವುದು, ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಕೊಡುವುದು, ನಾನು ಅಂಗಡಿಯಲ್ಲಿ ಟೈಪ್ ಮಾಡಿ ತರಗತಿಗೆ ಬೇಕಾದಷ್ಟು ಪ್ರತಿ ತೆಗೆದು ಶಾಲೆಗೆ ಮುಟ್ಟಿಸುವುದು. ನಾನು ಜೀವನದಲ್ಲಿ ಎಷ್ಟು ಪ್ರಶ್ನೆಪತ್ರಿಕೆ ಟೈಪ್ ಮಾಡಿಲ್ಲ! ಎಲ್ಲ ಒಂದೇ ಥರ. ‘ಬಿಡಿಸಿ ಬರೆಯಿರಿ, ಸಂಧಿ ಹೆಸರಿಸಿ’ ಎಂದು ಮೇಲೆ ಒಂದು ಸಾಲು, ಕೆಳಗೆ ಪದಗಳ ಸಂತೆ. ಮಗುವಿಗೆ ಬಂದರೆ ಬಂತು, ಬಾರದಿದ್ದರೆ ಹಣೆಬರಹ. ಅತ್ತಿಗೆಯ ಹಾಳೆ ಹಾಗಿರಲಿಲ್ಲ. ಅವರು ಸರಿ ಉತ್ತರಕ್ಕಲ್ಲ, ತಪ್ಪು ಉತ್ತರಕ್ಕೆ ವಿವರಣೆ ಬರೆಯುತ್ತಿದ್ದರು. ಯಾವ ಪದಕ್ಕೆ ಮಕ್ಕಳು ಯಾವ ತಪ್ಪು ಮಾಡುತ್ತಾರೆ ಎಂಬುದು ಅವರಿಗೆ ಬಾಯಿಪಾಠ.

ಒಂದು ತುಣುಕು ಹೇಳುತ್ತೇನೆ, ನನಗಿನ್ನೂ ನೆನಪಿದೆ. ‘ಗುರುವನ್ನು’ ಎಂಬ ಪದ. ಗುರು + ಅನ್ನು. ಅದರ ಕೆಳಗೆ ಹೀಗೆ:

‘ಲೋಪಸಂಧಿ ಎಂದು ಬರೆದೆಯಾ? ಬರೆದಿರುತ್ತೀಯ. ನಿನ್ನೆ ಮಾತು + ಇಲ್ಲ ಸೇರಿ ಮಾತಿಲ್ಲ ಆದಾಗ ಉಕಾರ ಹೋದದ್ದನ್ನು ನೋಡಿದ್ದೀಯ, ಇಲ್ಲೂ ಉಕಾರ ಕಂಡ ಕೂಡಲೇ ಹೊಡೆದುಹಾಕುವ ಆತುರ. ಸರಿ, ಹೊಡೆದು ನೋಡು. ಏನಾಯಿತು? ಗುರನ್ನು! ಯಾರಪ್ಪ ಈ ಗುರ? ಅರ್ಥ ಕೆಡದಿದ್ದರೆ ಮಾತ್ರ ಹಿಂದಿನ ಸ್ವರವನ್ನು ತೆಗೆಯಬಹುದು. ಕೆಡುವುದಾದರೆ ಅದನ್ನು ಇರಗೊಟ್ಟು ನಡುವೆ ಹೊಸ ಅಕ್ಷರವನ್ನು ಕರೆಯಬೇಕು. ಇಲ್ಲಿ ಬಂದದ್ದು ವಕಾರ. ಆದ್ದರಿಂದ ಆಗಮಸಂಧಿ. ಮನೆ + ಇಂದ ಸೇರಿದಾಗ ಬರುವ ಅಕ್ಷರ ಯಾವುದು? ಜೋರಾಗಿ ಹೇಳಿ ನೋಡು, ನಾಲಗೆಯೇ ತಿಳಿಸುತ್ತದೆ.’

ಉತ್ತರಗಳನ್ನು ಹಾಳೆಯ ಕೊನೆಯಲ್ಲಿ ತಲೆಕೆಳಗಾಗಿ ಅಚ್ಚು ಹಾಕಿಸುತ್ತಿದ್ದರು. ಕದ್ದು ನೋಡಬೇಕಾದರೆ ಹಾಳೆ ತಿರುಗಿಸಬೇಕು, ತಿರುಗಿಸಿದರೆ ಮೇಷ್ಟ್ರಿಗೆ ಕಾಣುತ್ತದೆ. ಆ ತಲೆಕೆಳಗು ಸಾಲುಗಳನ್ನು ಕೂರಿಸುವಷ್ಟರಲ್ಲಿ ನನ್ನ ತಲೆಯೇ ತಿರುಗುತ್ತಿತ್ತು. ಬೈದುಕೊಂಡೇ ಮಾಡುತ್ತಿದ್ದೆ.

ಸಂಧಿ ಮುಗಿದು ಸಮಾಸ ಶುರುವಾಯಿತು. ಮೊದಲ ಹಾಳೆಯಲ್ಲೇ ಸಮಾಸವೆಂದರೇನು, ವಿಗ್ರಹವಾಕ್ಯ ಎಂದರೇನು, ಪೂರ್ವಪದ ಮುಖ್ಯವೋ ಉತ್ತರಪದ ಮುಖ್ಯವೋ ಎಂದು ಹೇಗೆ ತೂಗಿ ನೋಡಬೇಕು ಎಂಬುದೆಲ್ಲ. ಆಮೇಲೆ ತತ್ಪುರುಷ, ಕರ್ಮಧಾರಯ, ಹೀಗೆ ದಿನಕ್ಕೊಂದು. ಬಹುವ್ರೀಹಿಯ ಹಾಳೆ ನನ್ನ ಕೈಗೆ ಬಂದ ದಿನ ಓದುತ್ತ ಹೋದೆ. ‘ಮುಕ್ಕಣ್ಣು ಎಂದರೆ ಮೂರು ಕಣ್ಣು. ಅಲ್ಲಿ ಕಣ್ಣಿನದೇ ಮಾತು, ಲೆಕ್ಕದ ಪದ ಮೊದಲು ಬಂದಿದೆ, ಅದು ದ್ವಿಗು. ಮುಕ್ಕಣ್ಣ ಎಂದರೋ? ಮೂರಿನ ಮಾತೂ ಅಲ್ಲ, ಕಣ್ಣಿನ ಮಾತೂ ಅಲ್ಲ. ಮೂರು ಕಣ್ಣು ಉಳ್ಳವನು ಯಾವನೋ ಅವನ ಮಾತು.’ ಅದರ ಕೆಳಗೆ ಒಂದು ಚೌಕ. ಚೌಕದೊಳಗೆ, ‘ಇಬ್ಬರು ಎದ್ದು ನಿಲ್ಲಿ. ಇವರಿಬ್ಬರೂ ಮುಖ್ಯ ಅಲ್ಲ. ಅರ್ಥ ಬಾಗಿಲಾಚೆ ನಿಂತಿದೆ. ಈಗ ಎಲ್ಲರೂ ಬಾಗಿಲ ಕಡೆ ನೋಡಿ.’

ಟೈಪ್ ಮಾಡಲು ಕೂರಲಿಲ್ಲ. ಹಾಳೆ ಹಿಡಿದುಕೊಂಡು ಮನೆಗೆ ವಾಪಸು ಬಂದೆ.

"ಅತ್ತಿಗೆ, ಇದನ್ನೂ ಹಾಕ್ತಿದ್ದೀರಾ?"

ತಲೆಯಾಡಿಸಿದರು.

"ಎಲ್ಲಾನೂ ಬರೆದು ಕೊಟ್ಟುಬಿಟ್ರೆ ನಿಮ್ಮ ಹತ್ರ ಏನು ಉಳಿಯುತ್ತೆ? ಇದು ನಿಮ್ಮ ಆಟ. ನೀವು ವಾಪಸ್ ಹೋದ ಮೇಲೆ ಆಡೋದಕ್ಕೆ ಇದೊಂದನ್ನಾದ್ರೂ ಇಟ್ಕೊಳ್ಳಿ."

ಅವರು ಸ್ಲೇಟು ಎಳೆದುಕೊಂಡರು. ಮಾತಿನಲ್ಲಿ ಹೇಗೋ ಸ್ಲೇಟಿನಲ್ಲೂ ಹಾಗೇ, ಪೂರ್ಣವಿರಾಮವಿಲ್ಲದೆ ಒಂದು ವಾಕ್ಯ ಬಿಡುವವರಲ್ಲ. ‘ಇದಿಲ್ಲದಿದ್ದರೆ ಬಹುವ್ರೀಹಿ ಅರ್ಥವಾಗುವುದಿಲ್ಲ. ಪರೀಕ್ಷೆಯಲ್ಲಿ ಮಕ್ಕಳು ಕೆಟ್ಟರೆ ಬೇರೊಬ್ಬರನ್ನು ತರುತ್ತಾರೆ.’ ಆ ‘ಬೇರೊಬ್ಬರ’ ಅಡಿಗೆ ಎರಡು ಗೆರೆ.

"ಅಯ್ಯೋ, ಮಕ್ಕಳು ಸ್ವಲ್ಪ ಕೆಡ್ಲಿ ಅತ್ತಿಗೆ. ಆಗ್ಲೇ ನಿಮ್ಮ ಬೆಲೆ ಗೊತ್ತಾಗೋದು."

ಅವರು ನನ್ನನ್ನು ಒಂದು ನೋಟ ನೋಡಿದರು. ಆ ನೋಟಕ್ಕೆ ಸ್ಲೇಟು ಬೇಕಿರಲಿಲ್ಲ. ನಾನು ಅಂಗಡಿಗೆ ಹೋಗಿ ಟೈಪ್ ಮಾಡಿದೆ, ಚೌಕ ಸಮೇತ.

ದಿನವೂ ಸಂಜೆ ಗುಬ್ಬಿ ವರದಿ ಒಪ್ಪಿಸುತ್ತಿದ್ದಳು. ಮೊದಮೊದಲು ಸೀಟಿ ಮೇಷ್ಟ್ರು ಹಾಳೆ ಹಂಚಿ ಕಿಟಕಿಯಾಚೆಯ ಮೈದಾನ ನೋಡುತ್ತ ಕೂರುತ್ತಿದ್ದರಂತೆ. ಆಮೇಲೆ ಅವರಿಗೇ ಬೇಜಾರಾಗಿ ಹಾಳೆ ತೆಗೆದು ಓದಲು ಶುರು ಮಾಡಿದರು. ಓದುತ್ತ ಓದುತ್ತ ರುಚಿ ಹತ್ತಿತು. ಈಗ ಗಟ್ಟಿಯಾಗಿ ಓದಿ ಹೇಳುತ್ತಾರೆ, ‘ಯಾರಪ್ಪ ಈ ಗುರ’ ಎಂದಾಗ ತರಗತಿಗೆ ತರಗತಿಯೇ ನಗುತ್ತದೆ.

"ನೀನು ಹೇಳಿದ ಹಾಗೇ ಇರುತ್ತೆ ಅಮ್ಮ," ಎಂದಳು ಹುಡುಗಿ, ಕಣ್ಣು ಅರಳಿಸಿಕೊಂಡು. "ಎಲ್ಲರಿಗೂ ಅರ್ಥ ಆಗ್ತಿದೆ. ಹಿಂದಿನ ಬೆಂಚಿನವರಿಗೂ."

ಅತ್ತಿಗೆಯ ಮುಖದಲ್ಲಿ ಎಂಥ ಬೆಳಕು ಬಂತು! ಸ್ಲೇಟಿನ ಮೇಲೆ ಬರೆದರು, ‘ಯಾವ ಪದಕ್ಕೆ ತಪ್ಪಿದರು?’ ಗುಬ್ಬಿ ಯೋಚಿಸಿ, "ಯಾವುದಕ್ಕೂ ಇಲ್ಲ," ಎಂದಳು. ನಾನು ತಟ್ಟೆ ಎತ್ತಿಕೊಂಡು ಎದ್ದುಹೋದೆ. ಈ ತಾಯಿ ಮಗಳಿಗೆ ಏನು ಹೇಳುವುದು. ಕಣ್ಣೆದುರಿಗೇ ತಾಯಿ ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುತ್ತಿದ್ದಾಳೆ, ಮಗಳು ಚಪ್ಪಾಳೆ ತಟ್ಟುತ್ತಿದ್ದಾಳೆ.

ಕಿರುಪರೀಕ್ಷೆ ಬಂತು. ವ್ಯಾಕರಣದ ಭಾಗದಲ್ಲಿ ಇಡೀ ತರಗತಿ ಎಂದೂ ಬಾರದಷ್ಟು ಅಂಕ ತೆಗೆಯಿತು. ಅತ್ತಿಗೆ ಇರುವಾಗಲೂ ಅಷ್ಟು ಬಂದಿರಲಿಲ್ಲ. ಅದಕ್ಕೆ ಕಾರಣ ಅತ್ತಿಗೆಯೇ ಬಿಡಿಸಿ ಹೇಳಿದರು, ಸ್ಲೇಟಿನ ಎರಡೂ ಮಗ್ಗುಲು ತುಂಬಿಸಿ. ಬಾಯಲ್ಲಿ ಹೇಳಿದ ಪಾಠ ಒಂದು ಸಲ ಕಿವಿಗೆ ಬಿದ್ದು ಹೋಗುತ್ತದೆ, ಹಾಳೆ ಮನೆಗೂ ಹೋಗುತ್ತದೆ, ಅರ್ಥವಾಗದವನು ಮತ್ತೆ ಓದಬಹುದು, ಯಾರೂ ನಗುವುದಿಲ್ಲ. ಅಷ್ಟು ಸಂತೋಷದಿಂದ ತಮ್ಮ ವಿರುದ್ಧ ತಾವೇ ಸಾಕ್ಷಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಡಾಕ್ಟರು ಒಪ್ಪಿಗೆ ಕೊಟ್ಟ ದಿನ ಅತ್ತಿಗೆ ಮೊದಲು ಕರೆದದ್ದು ನನ್ನನ್ನು. "ಬಂತು ಕಣೇ," ಎಂದರು. ಹಳೆಯ ಧ್ವನಿಯೇ, ಅಂಚು ಸ್ವಲ್ಪ ಸವೆದಿತ್ತು ಅಷ್ಟೆ. ಇನ್ನು ಕಿರುಚಬಾರದು, ನೀರು ಕುಡಿಯುತ್ತಿರಬೇಕು, ಒಂದು ಪೀರಿಯಡ್ಡಿನ ನಂತರ ಇನ್ನೊಂದು ಬಿಡುವಿರಬೇಕು, ಇಷ್ಟೇ ಷರತ್ತು. ಅತ್ತಿಗೆ ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಪಾಠ ಹೇಳುತ್ತ ಧ್ವನಿ ಹದ ಮಾಡಿಕೊಂಡರು. ಅಣ್ಣ ಬಾಗಿಲಲ್ಲಿ ನಿಂತು ಕೇಳಿ, "ಮುಗೀತು, ನನ್ನ ನೆಮ್ಮದಿ ಮುಗೀತು," ಎಂದ. ಹಾಗೆನ್ನುತ್ತ ಕಣ್ಣೊರೆಸಿಕೊಂಡ. ಅವನ ಬಗ್ಗೆ ನಾನು ಒಳ್ಳೆಯ ಮಾತು ಹೇಳುವುದು ಕಮ್ಮಿ, ಇದನ್ನು ಹೇಳಲೇಬೇಕು.

ಹೊಸ ಅವಧಿಯ ಮೊದಲ ದಿನ ಅತ್ತಿಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಚೀಲದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಹೊರಟರು. ಅವತ್ತಿಗೆ ಬೇಕಾದ ಹಾಳೆಯ ಕಟ್ಟು ನನ್ನ ಕೈಯಲ್ಲಿತ್ತು. ಮಕ್ಕಳು ಒಂದು ಸಲ ಎಲ್ಲವನ್ನೂ ಮರುಓದು ಮಾಡಲಿ ಎಂದು ಶಾಲೆಯವರು ಸಮಾಸದ ಹಾಳೆಗಳನ್ನೇ ಮತ್ತೆ ಕೇಳಿದ್ದರು. ಹೆಡ್ ಮಿಸ್ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದು ಕೂರಿಸಿದರು, ಫ್ಯಾನು ಹಾಕಿದರು, ಅತ್ತಿಗೆಯ ಕೈ ಹಿಡಿದುಕೊಂಡರು.

"ಗಂಟಲು ಹೇಗಿದೆ ಮಿಸ್?"

"ಚೆನ್ನಾಗಿದೆ ಮೇಡಂ. ಇವತ್ತೇ ತರಗತಿ ತಗೊಳ್ತೀನಿ."

"ಅದೇ ಮಾತಾಡ್ಬೇಕಿತ್ತು." ಹೆಡ್ ಮಿಸ್ ಕನ್ನಡಕ ತೆಗೆದರು. "ನಿಮ್ಮ ಹಾಳೆಗಳನ್ನ ಕಮಿಟಿಯವರು ನೋಡಿದ್ರು. ಎಂಥ ಕೆಲಸ ಮಿಸ್! ಅವರಿಗೆ ತುಂಬ ಹಿಡಿಸಿದೆ. ಎಂಟು, ಒಂಬತ್ತಕ್ಕೂ ಬೇಕಂತೆ. ಛಂದಸ್ಸು, ಅಲಂಕಾರ, ಎಲ್ಲಾದಕ್ಕೂ ಇದೇ ಥರ ನೀವೇ ಮಾಡಿಕೊಡ್ಬೇಕು."

ಅತ್ತಿಗೆ ನನ್ನ ಕಡೆ ನೋಡಿ ನಕ್ಕರು. ನಿನ್ನ ಅನುಮಾನದ ಮಾತೆಲ್ಲ ಸುಳ್ಳಾಯಿತು ನೋಡು ಎನ್ನುವ ನಗು. "ಖಂಡಿತ ಮೇಡಂ. ತರಗತಿ ಮುಗಿಸಿ ಸಂಜೆ ಕೂತು ಬರೀತೀನಿ."

"ತರಗತಿ ಯಾಕೆ ಮಿಸ್ ಇನ್ನು? ಪೀಟಿ ಸರ್ ಎಷ್ಟು ಚೆನ್ನಾಗಿ ನಡೆಸ್ತಿದ್ದಾರೆ ನಿಮ್ಮ ಹಾಳೆ ಇಟ್ಕೊಂಡು. ಇದಕ್ಕೆ ಬೇರೆ ಟೀಚರ್ ಬೇಕಾಗಿಲ್ಲ, ಆ ಖಾಯಂ ಜಾಗಾನ ಗಣಿತಕ್ಕೆ ಕೊಡೋಣ ಅಂತ ಕಮಿಟಿ ತೀರ್ಮಾನ. ನೀವು ಮನೇಲೇ ಕೂತು ಬರೆದುಕೊಡಿ. ನಿಮ್ಮ ಗಂಟಲಿಗೂ ಒಳ್ಳೇದಲ್ವಾ?"

ಫ್ಯಾನಿನ ಗಾಳಿಗೆ ಮೇಜಿನ ಕಾಗದಗಳು ಎದ್ದೆದ್ದು ಬೀಳುತ್ತಿದ್ದವು. ಅತ್ತಿಗೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಿದ್ದರು. ಬೇರೊಬ್ಬರು ಬಾರದಿರಲಿ ಎಂದು ಅಷ್ಟು ಕಷ್ಟಪಟ್ಟಿದ್ದರಲ್ಲ, ಬೇರೊಬ್ಬರು ಬಂದಿರಲಿಲ್ಲ. ಅವರು ಕೇಳಿದ್ದು ಕೇಳಿದ ಹಾಗೇ ಸಿಕ್ಕಿತ್ತು. ನನ್ನ ನಾಲಗೆಯ ತುದಿಯಲ್ಲಿ ಬೈಗುಳದ ಸಾಲೇ ನಿಂತಿತ್ತು. ಆದರೆ ಯಾರಿಗೆ ಬೈಯಲಿ? ಎದುರಿಗೆ ಕೂತವರ ಕಣ್ಣಲ್ಲಿ ಕಪಟವೇ ಇರಲಿಲ್ಲ. ನಿಜವಾಗಿಯೂ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದರು ಆ ಹೆಂಗಸು. ಕೆಟ್ಟವರಾಗಿದ್ದರೆ ನನಗೆ ಸಲೀಸಾಗುತ್ತಿತ್ತು.

"ಆ ಹಾಳೆ ಬರೆದವರು ಇವರು ಮೇಡಂ," ಎಂದೆ ನಾನು. "ಇವರು ತರಗತೀಲಿ ನಿಂತು ಮಕ್ಕಳ ಮುಖ ನೋಡಿ ನೋಡಿ ಕಲಿತದ್ದು ಅದರಲ್ಲಿರೋದು. ನಾಳೆ ಮಕ್ಕಳ ಮುಖಾನೇ ನೋಡದೆ ಏನು ಬರೀತಾರೆ?"

"ಅಷ್ಟು ಅನುಭವ ಇದೆಯಲ್ಲಮ್ಮ ಅವರಿಗೆ," ಎಂದರು ಹೆಡ್ ಮಿಸ್, ಸಮಾಧಾನ ಮಾಡುವವರ ಹಾಗೆ.

ಅತ್ತಿಗೆ ಎದ್ದರು. "ಹಾಳೆ ತಲುಪಿಸಿ ಹೋಗ್ತೀವಿ ಮೇಡಂ," ಎಂದರು. ಅಷ್ಟೇ.

ಇಬ್ಬರೂ ಮೇಲಿನ ಮಹಡಿಗೆ ಮೆಟ್ಟಿಲು ಹತ್ತಿದೆವು. ಉದ್ದದ ಹಜಾರ, ಒಂದೊಂದು ಬಾಗಿಲಿನಿಂದಲೂ ಒಂದೊಂದು ಪಾಠದ ಸದ್ದು. ಹತ್ತನೆಯ ತರಗತಿಯ ಬಾಗಿಲು ತೆರೆದಿತ್ತು. ನಾವು ತರುವ ಹಾಳೆಗಳಿಗೆ ಕಾಯದೆ ಸೀಟಿ ಮೇಷ್ಟ್ರು ಹಳೆಯ ಹಾಳೆಯನ್ನೇ ಹಿಡಿದು ಓದುತ್ತಿದ್ದರು. ಇಬ್ಬರು ಹುಡುಗರು ಮುಂದೆ ನಿಂತಿದ್ದರು. ಮೇಷ್ಟ್ರ ಓದು ನೇರ, ಕವಾಯತಿನ ಆಜ್ಞೆಯ ಹಾಗೆ.

"ಇವರಿಬ್ಬರೂ ಮುಖ್ಯ ಅಲ್ಲ. ಅರ್ಥ ಬಾಗಿಲಾಚೆ ನಿಂತಿದೆ. ಈಗ ಎಲ್ಲರೂ ಬಾಗಿಲ ಕಡೆ ನೋಡಿ."

ಎಲ್ಲರೂ ನೋಡಿದರು. ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು.

ಮಕ್ಕಳೆಲ್ಲ ಎದ್ದು ನಿಂತು ನಮಸ್ತೆ ಮಿಸ್ ಎಂದು ಕೂಗಿದರು. ಸೀಟಿ ಮೇಷ್ಟ್ರ ಮುಖವೂ ಅರಳಿತು, ಪಾಪ. ಅವರಿಗೆ ಕೆಳಗೆ ನಡೆದದ್ದು ಗೊತ್ತಿತ್ತೋ ಇಲ್ಲವೋ. "ಬನ್ನಿ ಮಿಸ್, ನಿಮ್ಮದೇ ಪಾಠ ನಡೀತಿದೆ," ಎಂದರು. ಅಷ್ಟರಲ್ಲಿ ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಕೈ ಎತ್ತಿದಳು.

"ಮಿಸ್, ಒಂದು ಡೌಟು. ಮಳೆಗಾಲ ಅಂತ ಸಂಧಿ ಹಾಳೇಲೂ ಇದೆ, ಸಮಾಸದ ಹಾಳೇಲೂ ಇದೆ. ಎರಡೂ ಹೇಗೆ ಆಗುತ್ತೆ?"

ಅತ್ತಿಗೆ ಹೊಸಿಲು ದಾಟಿ ಒಂದು ಹೆಜ್ಜೆ ಒಳಗಿಟ್ಟರು. ಅವರ ಕೈ ತಾನಾಗಿಯೇ ಚಾಕ್‌ಪೀಸಿಗಾಗಿ ಹುಡುಕಾಡಿತು. ಬಾಯಿ ತೆರೆದರು. ನಾನು ನೋಡುತ್ತಿದ್ದೆ, ಉತ್ತರ ಅವರ ಮುಖದ ಮೇಲೆ ಬಂದಾಗಿತ್ತು.

"ಬೇಡ ಮಿಸ್, ಬೇಡ ಬೇಡ," ಎಂದು ಸೀಟಿ ಮೇಷ್ಟ್ರು ಕೈ ಅಡ್ಡ ಹಿಡಿದರು. "ಗಂಟಲಿಗೆ ಆಯಾಸ ಮಾಡ್ಕೋಬೇಡಿ. ಬರೆದು ಕಳಿಸಿ, ನಾನು ಓದಿ ಹೇಳ್ತೀನಿ."

"ಹೌದು ಮಿಸ್, ಮಾತಾಡ್ಬೇಡಿ," ಎಂದವು ನಾಲ್ಕಾರು ಮಕ್ಕಳ ಧ್ವನಿಗಳು, ನಿಜವಾದ ಅಕ್ಕರೆಯಿಂದ. ಕೈ ಎತ್ತಿದ ಹುಡುಗಿ ತಪ್ಪು ಮಾಡಿದವಳ ಹಾಗೆ ಕೂತುಬಿಟ್ಟಳು. ಗುಬ್ಬಿ ಮೂರನೆಯ ಸಾಲಿನಲ್ಲಿದ್ದಳು. ಅಮ್ಮನ ಮುಖ ನೋಡಿದಳು, ಅದರಲ್ಲಿ ಅವಳಿಗೆ ಏನು ಕಂಡಿತೋ, ಹಾಳೆಯ ಮೇಲೆ ತಲೆ ಬಗ್ಗಿಸಿದವಳು ಮತ್ತೆ ಎತ್ತಲೇ ಇಲ್ಲ.

ಅತ್ತಿಗೆ ಬಾಯಿ ಮುಚ್ಚಿದರು. ಆಪರೇಶನ್ ಆದ ದಿನದಿಂದ ನಾನು ಅವರ ಮೌನ ನೋಡಿದ್ದೇನೆ, ಆದರೆ ಅದರಲ್ಲಿ ಅವರು ಕಾಯುತ್ತಿದ್ದರು. ಇದು ಬೇರೆ. ನನ್ನ ಕೈಯಿಂದ ಕಟ್ಟು ತೆಗೆದು ಮೇಷ್ಟ್ರ ಮೇಜಿನ ಮೇಲಿಟ್ಟು, ಅಂಚು ಸರಿಮಾಡಿ, ತಿರುಗಿ ಹೊರಬಂದರು.

ರಸ್ತೆ ದಾಟುವಾಗ ನಾನು ಹಾರಾಡಿದೆ. ಒಂದು ಹಾಳೆಯನ್ನೂ ಬರೆದುಕೊಡಬೇಡಿ ಅವರಿಗೆ, ಇದ್ದದ್ದನ್ನೂ ಕಿತ್ತುಕೊಂಡು ಬರುತ್ತೇನೆ, ಆ ಮೇಷ್ಟ್ರು ಸೀಟಿ ಊದಿಕೊಂಡು ಸಾಯಲಿ, ಕಮಿಟಿಯವರ ಮನೆ ಮುಂದೆ ಹೋಗಿ ಕೂಗುತ್ತೇನೆ ಎಂದೆಲ್ಲ. ಅತ್ತಿಗೆ ಅಂಗಡಿಯೊಳಗೆ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. ಬಾಟಲಿ ತೆಗೆದು ಎರಡು ಗುಟುಕು ನೀರು ಕುಡಿದರು. ಆಮೇಲೆ, "ಮಷೀನು ಹಾಕು," ಎಂದರು.

"ಯಾಕೆ?"

"ಆ ಹುಡುಗಿ ಕೇಳಿದಳಲ್ಲ. ಅದನ್ನ ಹಾಳೇಲಿ ಬಿಟ್ಟಿದ್ದೆ ನಾನು."

"ಬಿಟ್ಟಿದ್ದು ಒಳ್ಳೇದಾಯ್ತು. ಅದೊಂದಾದ್ರೂ ನಿಮ್ಮ ಹತ್ರ ಇರ್ಲಿ. ಯಾರು ಬಂದು ಹೇಳ್ತಾರೋ ನೋಡೋಣ ಆ ಹುಡುಗಿಗೆ."

"ಅವಳು ಕಾಯ್ತಿರ್ತಾಳೆ ಕಣೇ."

ಇಷ್ಟು ಹೇಳಿ ನನ್ನ ಮುಖ ನೋಡಿದರು. ಕಣ್ಣು ತುಂಬಿತ್ತು, ಹನಿ ಬೀಳಗೊಡಲಿಲ್ಲ. ನನಗೆ ಆ ಹುಡುಗಿಯ ಮೇಲೂ ಸಿಟ್ಟು ಬಂತು, ಅವಳ ಪ್ರಶ್ನೆಯ ಮೇಲೂ, ಅತ್ತಿಗೆಯ ಈ ಒಳ್ಳೆಯತನದ ಮೇಲಂತೂ ಹೇಳತೀರದಷ್ಟು. ಹಲ್ಲು ಕಚ್ಚಿಕೊಂಡು ಮಷೀನು ಹಾಕಿ ಟೈಪ್ ಮಾಡಲು ಕೂತೆ.

ಈ ಸಲ ಬರೆದುಕೊಡಲಿಲ್ಲ ಅವರು. ಧ್ವನಿ ಇತ್ತಲ್ಲ. ಎದ್ದು ನಿಂತು ಹೇಳತೊಡಗಿದರು. ಜೆರಾಕ್ಸ್ ಮಷೀನಿಗೂ ಕಾಗದದ ರೀಮುಗಳಿಗೂ ನಡುವೆ ಇರುವ ಆ ಗೇಣಗಲದ ಜಾಗದಲ್ಲಿ ಅತ್ತಿಂದಿತ್ತ ನಡೆಯುತ್ತ, ಗಾಳಿಯಲ್ಲಿ ಬೆರಳಿನಿಂದ ಬರೆಯುತ್ತ.

"ಒಂದೇ ಪದ, ಎರಡು ಕಣ್ಣಿಂದ ನೋಡ್ತಿದ್ದೀವಿ. ಮೊದಲು ಸದ್ದು ನೋಡು. ಮಳೆ, ಕಾಲ. ಎರಡೂ ಸೇರಿದಾಗ ಕಕಾರ ಹೋಗಿ ಆ ಜಾಗಕ್ಕೆ ಗಕಾರ ಬಂತು. ಮಳೆಗಾಲ. ಅಕ್ಷರ ಬದಲಾಗಿದ್ದಕ್ಕೆ ಆದೇಶಸಂಧಿ. ಈಗ ಸದ್ದು ಬಿಡು, ಅರ್ಥ ನೋಡು. ಎಂಥ ಕಾಲ? ಮಳೆಯ ಕಾಲ. ಮಳೆಯ ಅನ್ನೋದರ ಕೊನೇಲಿದ್ದ ‘ಅ’ ಎಲ್ಲಿ ಹೋಯ್ತು? ಪದಗಳು ಒಂದಾಗೋವಾಗ ವಿಭಕ್ತಿ ಪ್ರತ್ಯಯ ಬಿದ್ದುಹೋಯ್ತು. ಮುಖ್ಯ ಯಾವುದು, ಮಳೆನೋ ಕಾಲಾನೋ? ಕಾಲ. ಉತ್ತರಪದ ಮುಖ್ಯ ಆದ್ರೆ ತತ್ಪುರುಷ. ಜಗಳ ಏನೂ ಇಲ್ಲ, ಎರಡೂ ಸರಿ. ಯಾವುದನ್ನ ಕೇಳಿದ್ದಾರೆ ಅಂತ ನೋಡಿ ಉತ್ತರ ಬರೀಬೇಕು ಅಷ್ಟೆ."

ಧ್ವನಿ ಏರುತ್ತ ಹೋಗಿತ್ತು. ಕಿರುಚಬಾರದು ಎಂದು ಡಾಕ್ಟರು ಹೇಳಿದ್ದನ್ನು ನಾನು ನೆನಪಿಸಲಿಲ್ಲ. ಅಂಗಡಿಯ ಮುಂದೆ ಹೋಗುತ್ತಿದ್ದವನೊಬ್ಬ ಇಣುಕಿ ನೋಡಿ ಮುಂದೆ ಹೋದ. ರಸ್ತೆಯಾಚೆ ಮೇಲಿನ ಮಹಡಿಯ ಕಿಟಕಿಗಳು ತೆರೆದೇ ಇದ್ದವು. ಅಲ್ಲಿಂದ ಸೀಟಿ ಮೇಷ್ಟ್ರ ಓದು ಸಣ್ಣಗೆ ಕೇಳಿಸುತ್ತಿತ್ತು.

ಅತ್ತಿಗೆ ನಡೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು, ತರಗತಿಯಲ್ಲಿ ತಿರುಗುವ ಹಾಗೆಯೇ.

"ಅರ್ಥ ಆಯ್ತಾ?"

ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ. "ಆಯ್ತು ಮಿಸ್," ಎಂದೆ. ಮುಂದಿನ ಸಾಲಿಗೆ ಕಾದೆ.